ಕೆಂಪಿ ಈದ ರಾತ್ರಿ

ಕನ್ನಡದಲ್ಲಿ ಹೆಂಗಸು ಹೆರುತ್ತಾಳೆ, ಹಸು ಈಯುತ್ತದೆ. ಒಂದೇ ಕ್ರಿಯೆಗೆ ಎರಡು ಧಾತುಗಳನ್ನು ನಮ್ಮ ಹಿರಿಯರು ಬೇರೆಬೇರೆಯಾಗಿ ಇಟ್ಟುಕೊಂಡರು. ಅಷ್ಟೇ ಅಲ್ಲ, ಇನ್ನೂ ಈಯದ ಹೆಣ್ಣುಕರು ಬೆಳೆದು ನಿಂತರೆ ಕಡಸು, ಗರ್ಭ ಧರಿಸಿದರೆ ಗಬ್ಬದ ಹಸು, ಮೊದಲ ಸಲ ಈದರೆ ಚೊಚ್ಚಲು, ಆಗ ಕೆಚ್ಚಲಿಗೆ ಇಳಿಯುವ ಹಳದಿ ಹಾಲು ಗಿಣ್ಣು, ಕರುವಿನ ಹಿಂದೆ ಬೀಳುವುದು ಮಾಸು. ಕೊಟ್ಟಿಗೆಯಲ್ಲಿ ರಾತ್ರಿಯೆಲ್ಲ ಕಾದು ಕುಳಿತವರು ಹುಟ್ಟಿಸಿದ ಮಾತುಗಳಿವು. ಗೋವಿನ ಹಾಡನ್ನು ನಾವೆಲ್ಲ ಬಲ್ಲೆವು. ಆದರೆ ಆ ಹಾಡಿನಲ್ಲಿ ಪುಣ್ಯಕೋಟಿಯ ಕರು ಆಗಲೇ ಹುಟ್ಟಿ ದೊಡ್ಡಿಯಲ್ಲಿ ತಾಯಿಯ ದಾರಿ ಕಾಯುತ್ತಿರುತ್ತದೆ. ಕರು ಹುಟ್ಟುವುದಕ್ಕೆ ಮುಂಚಿನ ಹೊತ್ತು ಹೇಗಿರುತ್ತದೆಂಬುದನ್ನು ತಿಳಿಯಬೇಕಾದರೆ ಕೊಟ್ಟಿಗೆಯಲ್ಲಿ ಕುಳಿತವರನ್ನೇ ಕೇಳಬೇಕು.

ಅಂಥ ಒಬ್ಬರಿಂದ ಕೇಳಿದ ಕಥೆಯನ್ನು ಇಂದು ನಿಮಗೆ ಹೇಳುತ್ತೇನೆ. ತೀರ್ಥಹಳ್ಳಿಯ ಸೀಮೆಯಲ್ಲಿ, ಆಗುಂಬೆಯ ಕಡೆಯಿಂದ ಹರಿದು ಬಂದು ತುಂಗೆಯನ್ನು ಕೂಡುವ ಮಾಲತಿ ಹೊಳೆಯ ದಂಡೆಯಲ್ಲಿ, ಸುಮಾರು ಐವತ್ತು ವರ್ಷಗಳ ಹಿಂದೆ ನಡೆದದ್ದು. ಕಥೆಯ ನಾಯಕಿಗೆ ಆಗ ಹನ್ನೊಂದು ವರ್ಷ. ಈಗ ಆಕೆ ಮೊಮ್ಮಕ್ಕಳನ್ನು ಕಂಡ ಅಜ್ಜಿ. ತನ್ನ ಹೆಸರು ಹೇಳುವುದು ಬೇಡವೆಂದು ಆಕೆ ಕೇಳಿಕೊಂಡುದರಿಂದ ಹುಡುಗಿ ಎಂದೇ ಕರೆಯುತ್ತೇನೆ. ಹಸುವಿನ ಹೆಸರನ್ನು ಹೇಳಲು ಅಡ್ಡಿಯಿಲ್ಲ. ಅದರ ಹೆಸರು ಕೆಂಪಿ.

ಕೆಂಪಿ ಮಲೆನಾಡು ಗಿಡ್ಡ ತಳಿಯ ಹಸು. ಈ ತಳಿಗೆ ದೇಶದ ಅಧಿಕೃತ ಪಟ್ಟಿಯಲ್ಲಿ ಸ್ಥಾನ ದೊರೆತದ್ದು 2012ರಲ್ಲಿ. ಆದರೆ ಮಲೆನಾಡಿನ ಬೆಟ್ಟ ಬ್ಯಾಣಗಳಲ್ಲಿ ಅದು ತಲೆತಲಾಂತರದಿಂದ ಮೇಯುತ್ತಲೇ ಇದೆ. ದೊಡ್ಡವರ ಸೊಂಟದೆತ್ತರಕ್ಕಿಂತ ಹೆಚ್ಚು ಬೆಳೆಯದ ಸಣ್ಣ ಹಸು. ಮಳೆಯಲ್ಲಿ ನೆನೆದರೂ, ಕೆಸರಿನಲ್ಲಿ ನಿಂತರೂ ಕಾಯಿಲೆ ಬೀಳುವುದು ಅಪರೂಪ. ಕೊಡುವ ಹಾಲು ಒಂದೆರಡು ಸೇರು ಮಾತ್ರ. ಇವುಗಳ ಕರುವೂ ಸಣ್ಣದು, ಸುಮಾರು ಹತ್ತು ಕಿಲೋ ತೂಗೀತು. ಆದ್ದರಿಂದ ಗಿಡ್ಡ ಹಸು ಈಯಲು ಕಷ್ಟಪಡುವುದು ಕಡಿಮೆ. ಸಂಜೆ ಬೆಟ್ಟದಿಂದ ಬರುವಾಗ ಹಿಂದೆ ಕರುವನ್ನು ಕರೆದುಕೊಂಡೇ ಬರುವ ಹಸುಗಳೂ ಉಂಟು. ಆದರೆ ಕರು ಸಣ್ಣದಾದ ಮಾತ್ರಕ್ಕೆ ಹೊಟ್ಟೆಯೊಳಗೆ ಸರಿಯಾಗಿಯೇ ಮಲಗಿರಬೇಕೆಂಬ ನಿಯಮವಿಲ್ಲ. ಕೆಂಪಿಯ ಕಥೆಯಲ್ಲಿ ಆದದ್ದು ಇದೇ.

ಮನೆಯಲ್ಲಿ ಅಪ್ಪ, ಅಮ್ಮ, ಅಪ್ಪನ ತಾಯಿ, ಹುಡುಗಿ, ಮತ್ತು ಎರಡು ತಿಂಗಳ ತಮ್ಮ. ತುಂಡು ಗದ್ದೆ, ಒಂದು ಜೋಡಿ ಎತ್ತು, ಕೆಂಪಿ. ಹಿಂದಿದ್ದ ಹಸು ಆ ಬೇಸಿಗೆಯಲ್ಲಿ ಸತ್ತಿತ್ತು. ಆ ಹಸುವಿನ ಕೊನೆಯ ಕರುವೇ ಕೆಂಪಿ. ಹುಡುಗಿ ಕೈಯಾರೆ ಅಕ್ಕಚ್ಚು ಕುಡಿಸಿ, ಸೊಪ್ಪು ತಿನ್ನಿಸಿ ಸಾಕಿದ ಕಡಸು ಅದು. ಬಾಣಂತಿಯ ಮೈಯಲ್ಲಿ ಹಾಲು ಸಾಲದೆ ಕೂಸು ಅಳುತ್ತಿತ್ತು. ಕೆಂಪಿ ಈದರೆ ಮನೆಗೆ ಹಾಲು. ಇಲ್ಲವಾದರೆ ಆ ಮಳೆಗಾಲದಲ್ಲಿ ಇನ್ನೊಂದು ಹಸುವನ್ನು ಕೊಳ್ಳುವ ಶಕ್ತಿ ಆ ಮನೆಗಿರಲಿಲ್ಲ.

ಹಸುವಿನ ಗರ್ಭಕಾಲ ಸುಮಾರು ಇನ್ನೂರ ಎಂಬತ್ತು ದಿನ. ಒಂಬತ್ತು ತಿಂಗಳು ಒಂಬತ್ತು ದಿನ ಎಂದು ಹಳ್ಳಿಯವರು ಹೇಳುವ ಲೆಕ್ಕ ಅದಕ್ಕೆ ಹತ್ತಿರವೇ ಇದೆ. ಆದರೆ ಹೋರಿ ಹಾರಿದ ದಿನವನ್ನು ಬರೆದಿಟ್ಟುಕೊಂಡವರು ಯಾರು? ಆ ಮನೆಯ ಅಜ್ಜಿಗೆ ಕಣ್ಣು ಮಂಜಾಗಿತ್ತು, ಬೆರಳ ಗಂಟುಗಳು ಬಿಗಿದು ಮಡಚಲು ಬಾರದಾಗಿದ್ದವು. ಆದರೂ ದಿನವೂ ಸಂಜೆ ಕೊಟ್ಟಿಗೆಗೆ ಬಂದು ಕೆಂಪಿಯ ಬಾಲದ ಬುಡವನ್ನು ಮುಟ್ಟಿ ನೋಡುತ್ತಿದ್ದಳು. ಬಾಲದ ಎರಡೂ ಪಕ್ಕದಲ್ಲಿ ಹಗ್ಗದಂತೆ ಬಿಗಿಯಾಗಿರುವ ಎರಡು ನರಗಟ್ಟುಗಳಿವೆ. ಈಯುವ ಹೊತ್ತು ಹತ್ತಿರವಾದಂತೆ ಅವು ಸಡಿಲಗೊಂಡು ಅಲ್ಲಿ ಕುಳಿ ಬೀಳುತ್ತದೆ. ಕೆಚ್ಚಲು ತುಂಬುವುದು ವಾರಗಳ ಮುಂಚೆಯೇ ಆಗಬಹುದು, ಅದನ್ನು ನಂಬಿ ಮೋಸಹೋದವರು ಬಹಳ. ಬಾಲದ ಬುಡದ ಕುಳಿ ಒಂದೆರಡು ದಿನಕ್ಕಿಂತ ಹೆಚ್ಚು ಕಾಯಿಸುವುದಿಲ್ಲ. ಪುನರ್ವಸು ಮಳೆಯ ನಾಲ್ಕನೆಯ ದಿನ ಅಜ್ಜಿ ಕೈಯಿಟ್ಟು ನೋಡಿ, “ಇವತ್ತು ರಾತ್ರಿ ತಪ್ಪಿದ್ರೆ ನಾಳೆ” ಎಂದಳು.

ಅಪ್ಪ ಆ ಬೆಳಿಗ್ಗೆಯೇ ಮುಯ್ಯಾಳಾಗಿ ಹೊಳೆಯಾಚೆಯ ಊರಿಗೆ ನೆಟ್ಟಿಯ ಕೆಲಸಕ್ಕೆ ಹೋಗಿದ್ದ. ಸಂಜೆ ಬರಬೇಕಾದವನು. ಮಧ್ಯಾಹ್ನದ ಮೇಲೆ ಗಾಳಿ ಎದ್ದಿತು. ಮಲೆನಾಡಿನ ಮಳೆಗೆ ಹೆದರದ ಜನ ಅವರು. ಆದರೆ ಅಂದಿನ ಗಾಳಿ ಬೇರೆಯೇ. ಅಡಕೆಯ ಮರಗಳು ಬಿಲ್ಲಿನಂತೆ ಬಾಗಿ ಮುರಿದವು, ಕೊಟ್ಟಿಗೆಯ ಮಾಡಿನ ಒಂದು ಮೂಲೆ ಹಾರಿತು. ಮುಸ್ಸಂಜೆಯ ಹೊತ್ತಿಗೆ ಹೊಳೆಯ ಸದ್ದು ಹೇಗಾಯಿತೆಂದರೆ ಸಂಕ ಉಳಿದಿಲ್ಲವೆಂದು ಯಾರೂ ಹೋಗಿ ನೋಡದೆಯೇ ತಿಳಿಯಿತು. ಅಪ್ಪ ಆಚೆ ದಡದಲ್ಲಿ, ಕೆಂಪಿ ಈಚೆ ದಡದಲ್ಲಿ.

ಹುಡುಗಿ ಕಂಬಳಿಕೊಪ್ಪೆ ಹಾಕಿಕೊಂಡು, ಒಂದು ಬುಡ್ಡಿದೀಪ ಹಿಡಿದುಕೊಂಡು ಕೊಟ್ಟಿಗೆಗೆ ಹೋದಳು. ಅಮ್ಮ ಬೇಡವೆಂದಳು. ಅಜ್ಜಿ, “ಹೋಗಲಿ, ಅವಳಿದ್ರೆ ಹಸಕ್ಕೆ ಧೈರ್ಯ. ಮಗಾ, ಅಲ್ಲಿ ಏನೂ ಮಾಡಬೇಡ. ಸುಮ್ನೆ ಕೂತ್ಕೊ. ನೋಡ್ತಾ ಇರು” ಎಂದಳು.

ಈ ಮಾತನ್ನು ಸ್ವಲ್ಪ ಬಿಡಿಸಿ ನೋಡೋಣ. ಹಸು ಈಯುವುದು ಮೂರು ಹಂತಗಳಲ್ಲಿ. ಮೊದಲನೆಯದರಲ್ಲಿ ಹೊರಗೆ ಏನೂ ಕಾಣುವುದಿಲ್ಲ. ಗರ್ಭಕೋಶದ ಬಾಯಿ ಮೆಲ್ಲಮೆಲ್ಲನೆ ತೆರೆಯುತ್ತಿರುತ್ತದೆ. ಹಸು ಮೇವು ಬಿಡುತ್ತದೆ, ಏಳುತ್ತದೆ, ಮಲಗುತ್ತದೆ, ಬಾಲವನ್ನು ಎತ್ತಿ ಹಿಡಿಯುತ್ತದೆ, ತಿರುಗಿ ತನ್ನ ಪಕ್ಕೆಯನ್ನೇ ನೋಡಿಕೊಳ್ಳುತ್ತದೆ, ಸ್ವಲ್ಪಸ್ವಲ್ಪವೇ ಗಂಜಳ ಹೊಯ್ಯುತ್ತದೆ. ಹಲವು ಸಲ ಈದ ಹಸುವಿಗೆ ಇದು ಎರಡು ಮೂರು ಗಂಟೆಯಲ್ಲಿ ಮುಗಿದೀತು, ಚೊಚ್ಚಲಿಗೆ ಅದರ ಎರಡರಷ್ಟು ಹೊತ್ತು ಬೇಕಾದೀತು. ಈ ಹಂತದಲ್ಲಿ ಅಪರಿಚಿತರು ಬಂದು ಗದ್ದಲ ಮಾಡಿದರೆ, ಬೆಳಕು ಹಾಯಿಸಿದರೆ, ಮುಟ್ಟಿ ಮುಟ್ಟಿ ನೋಡಿದರೆ ಹಸು ಹೆದರಿ ಬಿಗಿಹಿಡಿಯುತ್ತದೆ, ನೋವು ನಿಂತುಹೋಗುತ್ತದೆ. ದಿನವೂ ಕಂಡ ಮುಖವೊಂದು ಸದ್ದಿಲ್ಲದೆ ಕುಳಿತಿದ್ದರೆ ಆ ಅಡ್ಡಿಯಿಲ್ಲ. ಅಜ್ಜಿ ಹುಡುಗಿಗೆ ಒಪ್ಪಿಸಿದ ಕೆಲಸ ಇಷ್ಟೇ. ಕೇಳುವುದಕ್ಕೆ ಸಣ್ಣದು. ಮಾಡಿನ ಮೂಲೆಯಿಂದ ನೀರು ಸುರಿಯುತ್ತಿರುವಾಗ, ಮರಗಳು ಲಟಲಟನೆ ಮುರಿಯುತ್ತಿರುವಾಗ ಹನ್ನೊಂದು ವರ್ಷದ ಮಗುವಿಗೆ ಅದು ಸಣ್ಣ ಕೆಲಸವಲ್ಲ. ಹುಡುಗಿ ಒಣಗಿದ ದರಗನ್ನು ನೀರು ಬೀಳದ ಕಡೆಗೆ ಎಳೆದು ಹಾಸಿ, ಕೆಂಪಿಯನ್ನು ಆ ಕಡೆ ಕಟ್ಟಿ, ಗೋಡೆಗೆ ಒರಗಿ ಕುಳಿತಳು. ಬಳಿಕ ಕಟ್ಟಿದ ಹಗ್ಗವನ್ನೂ ಬಿಚ್ಚಿದಳು. ಏಳುವ ಮಲಗುವ ಹಸುವಿಗೆ ಹಗ್ಗ ಕಾಲಿಗೆ ಸುತ್ತಿಕೊಂಡೀತೆಂದು ಅವಳಿಗೇ ಹೊಳೆಯಿತಂತೆ.

ಅವಳ ಬುಡ್ಡಿದೀಪ ಗಾಜಿನ ಮಸಿಬುಡ್ಡಿಯಿಂದ ಮಾಡಿದ್ದು. ಒಳಗಿನ ಸೀಮೆಎಣ್ಣೆ ಹೊರಗೆ ಕಾಣುತ್ತದೆ. ತುಂಬ ಎಣ್ಣೆ ಹಾಕಿದರೆ ಅದು ಸುಮಾರು ಆರು ಗಂಟೆಯ ಕಾಲ ಉರಿಯುತ್ತದೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಏಕೆಂದರೆ ಎಣ್ಣೆಯನ್ನು ಅಳೆದು ಬಳಸುವ ಮನೆ ಅದು. ಗಡಿಯಾರವಿಲ್ಲದ ಆ ಕೊಟ್ಟಿಗೆಯಲ್ಲಿ ಈ ಬುಡ್ಡಿಯೇ ಗಡಿಯಾರ. ಈ ಸಂಗತಿಯನ್ನು ತಾವು ನೆನಪಿನಲ್ಲಿಟ್ಟುಕೊಳ್ಳಬೇಕು.

ಎಣ್ಣೆ ಮುಕ್ಕಾಲಿಗೆ ಇಳಿದಾಗ ಕೆಂಪಿಯ ನೀರು ಒಡೆಯಿತು. ಮೊದಲು ತಿಳಿನೀರಿನ ಚೀಲವೊಂದು ಹೊರಚಾಚಿ ಒಡೆಯುತ್ತದೆ. ಅದರ ಹಿಂದೆ ಲೋಳೆಯ ಬಿಳಿಯ ಚೀಲ ಬರುತ್ತದೆ, ಅದರೊಳಗೆ ಕರುವಿನ ಗೊರಸು. ಇಲ್ಲಿಂದ ಎರಡನೆಯ ಹಂತ. ಹಸು ಈಗ ಮುಕ್ಕುತ್ತದೆ, ಅಂದರೆ ಉಸಿರು ಬಿಗಿಹಿಡಿದು ಹೊಟ್ಟೆಯಿಂದ ನೂಕುತ್ತದೆ. ನೀರು ಒಡೆದ ಮೇಲೆ ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಎರಡು ಗಂಟೆಯೊಳಗೆ ಕರು ನೆಲಕ್ಕೆ ಬೀಳಬೇಕು. ಚೊಚ್ಚಲಾದರೆ ಸ್ವಲ್ಪ ಹೆಚ್ಚು ಹೊತ್ತು ಹಿಡಿದೀತು. ಆದರೆ ಕೆಲಸ ಮುಂದುವರಿಯುತ್ತಿರುವುದು ಕಣ್ಣಿಗೆ ಕಾಣಬೇಕು. ಮುಕ್ಕಿದಾಗ ಗೊರಸು ಒಂದು ಬೆರಳು ಹೊರಬಂದು, ಬಿಟ್ಟಾಗ ಅರ್ಧ ಬೆರಳು ಒಳಗೆ ಹೋದರೆ ಚಿಂತೆಯಿಲ್ಲ, ಅರ್ಧ ಬೆರಳು ಲಾಭವಾಯಿತು. ಬಲವಾಗಿ ಮುಕ್ಕುತ್ತಾ ಅರ್ಧ ಗಂಟೆ ಕಳೆದರೂ ಗೊರಸು ಇದ್ದಲ್ಲೇ ಇದ್ದರೆ ಒಳಗೆ ಏನೋ ಅಡ್ಡವಾಗಿದೆಯೆಂದೇ ತಿಳಿಯಬೇಕು.

ಗೊರಸು ಕಂಡಿತು. ಹುಡುಗಿ ಸಂತೋಷಪಟ್ಟಳು. ಕೆಂಪಿ ಮುಕ್ಕಿತು, ಮಲಗಿತು, ಎದ್ದಿತು. ಎಣ್ಣೆ ಅರ್ಧಕ್ಕೆ ಬಂತು. ಗೊರಸು ಅಲ್ಲೇ ಇತ್ತು. ಅವಳು ಓಡಿಹೋಗಿ ಅಮ್ಮನಿಗೆ ಹೇಳಿದಳು. ಕೂಸಿಗೆ ಹಾಲೂಡುತ್ತಿದ್ದ ಅಮ್ಮ, “ಚೊಚ್ಚಲು ಅಲ್ವಾ, ಹೊತ್ತು ಹಿಡೀತದೆ” ಎಂದಳು. ತಪ್ಪು ಮಾತಲ್ಲ. ಹುಡುಗಿ ಮತ್ತೆ ಬಂದು ಕುಳಿತಳು. ಎಣ್ಣೆ ಕಾಲು ಭಾಗಕ್ಕೆ ಇಳಿಯಿತು. ಈಗ ಗೊರಸಿನ ಮೇಲೆ ಒಂದು ಮೂಗಿನ ತುದಿಯೂ ಕಾಣುತ್ತಿತ್ತು. ಆದರೆ ಕೆಂಪಿ ಸೋತಿತ್ತು. ಮುಕ್ಕುವುದರ ನಡುವಿನ ಬಿಡುವು ಉದ್ದವಾಗುತ್ತಿತ್ತು. ಹುಡುಗಿ ಮಳೆಯಲ್ಲೇ ಆಚೆಮನೆಗೆ ಓಡಿ ಅಲ್ಲಿಯ ಯಜಮಾನನನ್ನು ಎಬ್ಬಿಸಿದಳು. ಅವಳು ದೊಡ್ಡಯ್ಯ ಎಂದು ಕರೆಯುತ್ತಿದ್ದ ಆತ ದನಕರು ಕಂಡ ಮನುಷ್ಯ. ಲಾಟೀನು ಹಿಡಿದು ಬಂದ. ಅಮ್ಮನೂ ಬಂದಳು. ಅಜ್ಜಿ ಬಾಗಿಲಲ್ಲಿ ಗೋಡೆ ಹಿಡಿದು ನಿಂತಳು.

ದೊಡ್ಡಯ್ಯ ನೋಡಿ, “ಈಗಷ್ಟೇ ಮೂಗು ಕಾಣ್ತದೆ. ಬೆಳಗಾಗೂದ್ರೊಳಗೆ ತಾನೇ ಹಾಕ್ತದೆ” ಎಂದ. ಈಗಷ್ಟೇ ಬಂದವನಿಗೆ ಎಲ್ಲವೂ ಈಗಷ್ಟೇ ಆದಂತೆ ಕಾಣುವುದು ಸಹಜ. ಹುಡುಗಿ, “ಇಲ್ಲ ದೊಡ್ಡಯ್ಯಾ, ನೀರು ಒಡೆದಾಗ ಬುಡ್ಡಿ ಮುಕ್ಕಾಲಿತ್ತು. ಈಗ ಕಾಲು” ಎಂದಳು. ಅರ್ಧ ಬುಡ್ಡಿ ಎಣ್ಣೆ ಎಂದರೆ ಮೂರು ಗಂಟೆ. ಯಾರೂ ಮಾತಾಡಲಿಲ್ಲ. ಕಾಯುವ ಸಲಹೆ ಅಲ್ಲಿಗೆ ಮುಗಿಯಿತು.

“ಹಾಗಾದ್ರೆ ಹಗ್ಗ ತಾ, ಕಾಲಿಗೆ ಕಟ್ಟಿ ಎಳೆಯುವಾ” ಎಂದ ದೊಡ್ಡಯ್ಯ. ಕಾಯುವುದು ಕೈಬಿಟ್ಟ ಕೂಡಲೇ ಎಳೆಯುವುದು. ನಮ್ಮ ಕೊಟ್ಟಿಗೆಗಳಲ್ಲಿ ಕರುಗಳೂ ಹಸುಗಳೂ ಸತ್ತಿರುವುದು ಬಹುಮಟ್ಟಿಗೆ ಈ ಎರಡು ತುದಿಗಳ ನಡುವೆ. ಅಜ್ಜಿ ಬಾಗಿಲಿನಿಂದಲೇ ಕೇಳಿದಳು:

“ಮಗಾ, ಎಷ್ಟು ಕಾಲು ಕಾಣ್ತದೆ?”

“ಒಂದು.”

“ಅಂಗಾಲು ಕೆಳಗೋ ಮೇಲೋ?”

“ಕೆಳಗೆ.”

“ಮೂಗು ಕಾಣ್ತದಲ್ಲ?”

“ಕಾಣ್ತದೆ ಅಜ್ಜಿ.”

“ಹಾಗಿದ್ರೆ ಇನ್ನೊಂದು ಕಾಲು ಎಲ್ಲಿ ಹೋಯ್ತು? ಅದು ಸಿಗೂವರೆಗೆ ಯಾರೂ ಹಗ್ಗ ಮುಟ್ಟಬೇಡಿ.”

ನೆಟ್ಟಗೆ ಬರುವ ಕರು ನೀರಿಗೆ ಧುಮುಕುವ ಈಜುಗಾರನಂತೆ ಬರುತ್ತದೆ. ಎರಡು ಮುಂಗಾಲುಗಳು ಮುಂದೆ ಚಾಚಿ, ಅಂಗಾಲು ನೆಲದ ಕಡೆಗೆ, ಅವುಗಳ ಮೇಲೆ ಇಟ್ಟ ಮೂತಿ. ಅಂಗಾಲು ಮೇಲ್ಮುಖವಾಗಿದ್ದರೆ ಅದು ಹೆಚ್ಚಾಗಿ ಹಿಂಗಾಲು, ಕರು ಹಿಂದುಮುಂದಾಗಿ ಬರುತ್ತಿದೆ. ಇಲ್ಲಿ ಮೂಗು ಇತ್ತು, ಒಂದು ಕಾಲಿತ್ತು. ಮತ್ತೊಂದು ಕಾಲು ಮಂಡಿಯಲ್ಲಿ ಮಡಚಿ ಸೊಂಟದ ಮೂಳೆಗಳ ಬಾಗಿಲಿಗೆ ಒತ್ತಿ ನಿಂತಿರಬೇಕು. ಮಡಚಿದ ಮಂಡಿಯ ಗಾತ್ರಕ್ಕೆ ಆ ಬಾಗಿಲಿನಲ್ಲಿ ಜಾಗವಿಲ್ಲ. ಅಂಥ ಕರುವನ್ನು ಎಳೆದಷ್ಟೂ ಬೆಣೆ ಬಿಗಿಯುತ್ತದೆ. ಇನ್ನೂ ಎಳೆದರೆ ಗರ್ಭಕೋಶ ಹರಿಯುತ್ತದೆ.

ಕೈಹಾಕಿ ನೋಡಬೇಕು. ಯಾರು? ಅಜ್ಜಿಯ ಬೆರಳು ಮಡಚುವುದಿಲ್ಲ. ಅಮ್ಮನ ಬಲಗೈ ಬೆರಳು ಹುಲ್ಲುಕತ್ತಿ ತಾಗಿ ಕೀವಾಗಿ ಬಟ್ಟೆ ಸುತ್ತಿತ್ತು. ಗಾಯದ ಕೈ ಒಳಗೆ ಹೋಗಬಾರದು, ಹಸುವಿಗೂ ಕೇಡು, ಕೈಗೂ ಕೇಡು. ದೊಡ್ಡಯ್ಯನ ಕೈ ನೇಗಿಲು ಹಿಡಿದು ಹಲಗೆಯಾದ ಕೈ. ಚೊಚ್ಚಲ ಗಿಡ್ಡ ಹಸುವಿನಲ್ಲಿ ಕರುವಿನ ತಲೆಯ ಪಕ್ಕದಲ್ಲಿ ಅದು ತೂರುವುದಿಲ್ಲ. ಎಲ್ಲರೂ ಹುಡುಗಿಯ ಕೈಯನ್ನು ನೋಡಿದರು.

ಅಮ್ಮ ಬಚ್ಚಲ ಹಂಡೆಯಿಂದ ಬಿಸಿನೀರು ತಂದಳು. ಅಜ್ಜಿ ಹುಡುಗಿಯ ಉಗುರನ್ನು ಕತ್ತರಿಸಲು ಹೇಳಿ, ಮೊಣಕೈ ದಾಟುವವರೆಗೆ ಸೋಪು ಹಚ್ಚಿ ಎರಡು ಸಲ ತೊಳೆಸಿದಳು. ಹಸುವಿನ ಹಿಂಭಾಗವನ್ನೂ ತೊಳೆಸಿದಳು. ಕೈಗೆ ಕೊಬ್ಬರಿ ಎಣ್ಣೆ ಸುರಿದಳು. ಬಳಿಕ ಕೆಂಪಿಯನ್ನು ಎಬ್ಬಿಸಿ, ಹಿಂಗಾಲು ಎತ್ತರದಲ್ಲಿಯೂ ಮುಂಗಾಲು ತಗ್ಗಿನಲ್ಲಿಯೂ ಇರುವಂತೆ ಗಂಜಳದ ಕಾಲುವೆಯ ಕಡೆಗೆ ತಿರುಗಿಸಿ ನಿಲ್ಲಿಸಿದರು. ಮಲಗಿದ ಹಸುವಿನ ಹೊಟ್ಟೆಯ ಭಾರವೆಲ್ಲ ಕರುವನ್ನು ಬಾಗಿಲಿಗೆ ಒತ್ತುತ್ತದೆ. ನಿಂತರೆ ಕರು ಮುಂದಕ್ಕೆ ಜಾರಿ ಒಳಗೆ ನಾಲ್ಕು ಬೆರಳು ಜಾಗ ಸಿಗುತ್ತದೆ.

ಅಜ್ಜಿ ಮೊದಲು ಹೇಳಿದ್ದು, “ಬಾಯೊಳಗೆ ಬೆರಳಿಡು.” ಹುಡುಗಿ ಕರುವಿನ ತುಟಿಯ ಸಂದಿನಲ್ಲಿ ಬೆರಳಿಟ್ಟಳು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ನಾಲಿಗೆ ಅಲುಗಿ ಬೆರಳನ್ನು ಚೀಪಿತು. ಐವತ್ತು ವರ್ಷಗಳ ಮೇಲೆ ಈ ಮಾತು ಹೇಳುವಾಗಲೂ ಆಕೆ ತನ್ನ ಬೆರಳನ್ನು ಒಮ್ಮೆ ನೋಡಿಕೊಂಡರು. ಕರು ಬದುಕಿದೆಯೇ ಎಂದು ತಿಳಿಯಲು ಪಶುವೈದ್ಯರು ಮಾಡುವ ಪರೀಕ್ಷೆಗಳಲ್ಲಿ ಇದೂ ಒಂದು. ಗೊರಸಿನ ಸೀಳಿನಲ್ಲಿ ಚಿವುಟಿದರೆ ಕಾಲೆಳೆದುಕೊಳ್ಳುವುದು ಇನ್ನೊಂದು.

ಕೆಂಪಿ ಮುಕ್ಕಿದಾಗ ಕೈಯನ್ನು ಅಲ್ಲಿಯೇ ನಿಲ್ಲಿಸಿ, ಬಿಟ್ಟಾಗ ಮುಂದೆ ಸರಿಸುತ್ತ ಹುಡುಗಿ ತಲೆಯ ಪಕ್ಕದಿಂದ ಕೈ ತೂರಿಸಿದಳು. ಗುಂಡಗೆ ಗಟ್ಟಿಯಾದುದೊಂದು ಸಿಕ್ಕಿತು. ಅದು ಮುಂಗಾಲಿನ ಮಂಡಿಯೇ, ಹಿಂಗಾಲಿನ ಗಂಟೇ? ಒಳಗೆ ಕಣ್ಣಿಲ್ಲ. ಅದಕ್ಕೊಂದು ಗುರುತುಂಟು. ಗೊರಸಿನಿಂದ ಮೇಲಕ್ಕೆ ಹೋದಂತೆ ಮೊದಲ ಗೆಣ್ಣು, ಎರಡನೆಯ ಗೆಣ್ಣು ಎರಡೂ ಒಂದೇ ಕಡೆಗೆ ಮಡಚಿದರೆ ಮುಂಗಾಲು. ಒಂದು ಆ ಕಡೆಗೆ ಒಂದು ಈ ಕಡೆಗೆ ಮಡಚಿದರೆ ಹಿಂಗಾಲು. ಕರುಗಳ ಜೊತೆಯಲ್ಲೇ ಆಡಿ ಬೆಳೆದ ಹುಡುಗಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. “ಮಂಡಿ ಅಜ್ಜಿ, ಮುಂದಿನ ಕಾಲಿಂದೇ” ಎಂದಳು.

ಈಗ ಕಠಿಣವಾದ ಭಾಗ. ಮಡಚಿದ ಕಾಲನ್ನು ನೇರವಾಗಿ ಎಳೆದರೆ ಗೊರಸಿನ ಚೂಪು ತುದಿ ಗರ್ಭಕೋಶದ ಗೋಡೆಯನ್ನು ಸೀಳಿಬಿಡುತ್ತದೆ. ಆದ್ದರಿಂದ ಮೊದಲು ಕರುವನ್ನು ಒಳಕ್ಕೆ ನೂಕಬೇಕು. ಅದೂ ಹಸು ಮುಕ್ಕದಿರುವಾಗ ಮಾತ್ರ. ಹೊರಗೆ ಬರಬೇಕಾದುದನ್ನು ಒಳಗೆ ನೂಕುವುದೆಂದರೆ ಮನಸ್ಸು ಒಪ್ಪುವುದಿಲ್ಲ, ಆದರೆ ಅದಿಲ್ಲದೆ ಕಾಲು ಬಿಚ್ಚಲು ಸ್ಥಳವಿಲ್ಲ. ದೊಡ್ಡಯ್ಯ ತನ್ನ ಕೈಯನ್ನೂ ತೊಳೆದು, ಬಾಗಿಲಲ್ಲಿದ್ದ ಕರುವಿನ ಹಣೆಗೆ ಅಂಗೈಯಿಟ್ಟು ಮೆಲ್ಲನೆ ಒಳಕ್ಕೆ ಒತ್ತಿದ. ಹುಡುಗಿ ಮಂಡಿಯನ್ನು ಮೇಲಕ್ಕೂ ಹೊರಪಕ್ಕಕ್ಕೂ ನೂಕಿ, ಕೈಯನ್ನು ಕೆಳಗೆ ಜಾರಿಸಿ ಗೊರಸನ್ನು ಹುಡುಕಿದಳು. ಸಿಕ್ಕ ಗೊರಸನ್ನು ಮುಷ್ಟಿಯೊಳಗೆ ಮುಚ್ಚಿಕೊಂಡಳು. ಆಗ ಗೊರಸಿನ ತುದಿ ತಾಗುವುದು ಅವಳ ಅಂಗೈಗೆ, ಹಸುವಿಗಲ್ಲ. ಅಷ್ಟರಲ್ಲಿ ಕೆಂಪಿ ಮುಕ್ಕಿತು. ಅವಳ ಕೈ ಮೂಳೆಗಳ ನಡುವೆ ಸಿಕ್ಕಿ ಜೀವ ಹೋದಂತಾಯಿತು. ಅತ್ತಳು, ಆದರೆ ಗೊರಸನ್ನು ಬಿಡಲಿಲ್ಲ. ನೋವು ಇಳಿದಾಗ ಗೊರಸನ್ನು ಒಳಪಕ್ಕಕ್ಕೆ ತಂದು ಮುಂದಕ್ಕೆ ಎಳೆದಳು. ಎರಡನೆಯ ಸಲವೂ ಜಾರಿತು. ಮೂರನೆಯ ಸಲ ಮಡಿಕೆ ಬಿಚ್ಚಿ ಕಾಲು ನೆಟ್ಟಗಾಗಿ ಬಾಗಿಲಿಗೆ ಬಂತು. ಈಗ ಎರಡು ಗೊರಸು, ನಡುವೆ ಮೂಗು.

“ಈಗ ಎಳೆಯಬಹುದು” ಎಂದಳು ಅಜ್ಜಿ. ಎಳೆಯುವುದಕ್ಕೂ ಕ್ರಮವುಂಟು. ಹಳೆಯ ಸೀರೆಯ ಪಟ್ಟಿಯನ್ನು ಎರಡೂ ಕಾಲಿಗೆ, ಗೊರಸಿನ ಮೇಲಿನ ಗೆಣ್ಣಿನಿಂದಾಚೆ ಕಟ್ಟಿದರು. ಹಸು ಮುಕ್ಕಿದಾಗ ಎಳೆತ, ಬಿಟ್ಟಾಗ ವಿಶ್ರಾಂತಿ. ಎರಡು ಕಾಲನ್ನೂ ಒಟ್ಟಿಗೆ ಎಳೆಯದೆ ಒಂದಾದ ಮೇಲೆ ಒಂದನ್ನು ಎಳೆದರೆ ಭುಜಗಳು ಓರೆಯಾಗಿ ಸುಲಭವಾಗಿ ಹೊರಬರುತ್ತವೆ. ತಲೆ ಹೊರಬಂದ ಮೇಲೆ ನೇರವಾಗಿ ಅಲ್ಲ, ಹಸುವಿನ ಹಿಂಗಾಲಿನ ಗಂಟಿನ ಕಡೆಗೆ, ಕೆಳಮುಖವಾಗಿ. ದೊಡ್ಡಯ್ಯ ಒಬ್ಬನೇ ಎಳೆದ. ನಾಲ್ಕನೆಯ ಮುಕ್ಕಿಗೆ ಕರು ಜಾರಿ ದರಗಿನ ಮೇಲೆ ಬಿತ್ತು.

ಬಿದ್ದ ಕರು ಉಸಿರಾಡಲಿಲ್ಲ. ಎದೆ ಮುಟ್ಟಿದರೆ ಬಡಿತವಿದೆ, ಉಸಿರಿಲ್ಲ. ಹುಡುಗಿ ಬಾಯಿ ಮೂಗುಗಳ ಲೋಳೆಯನ್ನು ಬೆರಳಿನಿಂದ ತೆಗೆದಳು. ಅಜ್ಜಿ ಹೇಳಿದಂತೆ ಒಣಹುಲ್ಲಿನ ಕಡ್ಡಿಯನ್ನು ಮೂಗಿನ ಹೊಳ್ಳೆಯೊಳಗೆ ತಿರುವಿದಳು. ಅಮ್ಮ ಹುಲ್ಲಿನ ಹಿಡಿಯಿಂದ ಪಕ್ಕೆಯನ್ನು ಗಸಗಸನೆ ಉಜ್ಜಿದಳು. ಕರು ಒಮ್ಮೆ ಸೀನಿತು. ತಲೆ ಅಲುಗಿಸಿತು. ಅದನ್ನು ಪಕ್ಕಕ್ಕೆ ಮಲಗಿಸದೆ, ಎದೆಯ ಮೇಲೆ ಕೂರಿಸಿದರು. ಹಾಗೆ ಕುಳಿತರೆ ಎರಡೂ ಶ್ವಾಸಕೋಶಗಳಿಗೆ ಗಾಳಿ ಹೋಗುತ್ತದೆ. ಬಳಿಕ ಕೆಂಪಿಯ ಮುಂದಕ್ಕೆ ಸರಿಸಿ ಎಲ್ಲರೂ ಹಿಂದೆ ನಿಂತರು. ಕೆಂಪಿ ಮೂಸಿತು, ಸಣ್ಣಗೆ ಗುಟುರು ಹಾಕಿತು, ನೆಕ್ಕಲು ತೊಡಗಿತು. ನೆಕ್ಕುವುದರಿಂದ ಕರುವಿನ ಮೈ ಒಣಗುತ್ತದೆ, ರಕ್ತ ಓಡುತ್ತದೆ, ಅಂಥ ಮಳೆಗಾಳಿಯ ರಾತ್ರಿಯಲ್ಲಿ ಒದ್ದೆ ಮೈಯ ಚಳಿಯೇ ಎಳೆಗರುವಿಗೆ ಮೃತ್ಯು. ಹುಡುಗಿ ತನ್ನ ಕಂಬಳಿಯನ್ನು ಗಾಳಿ ಬರುವ ಮೂಲೆಗೆ ಅಡ್ಡ ಕಟ್ಟಿದಳು.

ಇನ್ನು ಗಿಣ್ಣು. ದೊಡ್ಡಯ್ಯ, “ಮಾಸು ಬೀಳೂವರೆಗೆ ಮೊಲೆ ಕೊಡಬೇಡಿ” ಎಂದ. ಈ ನಂಬಿಕೆ ಇಂದಿಗೂ ಹಲವು ಕಡೆ ಇದೆ. ಅಜ್ಜಿ ಒಪ್ಪಲಿಲ್ಲ. ಅವಳ ಕಾರಣ ಅನುಭವದ್ದು. ವಿಜ್ಞಾನದ ಕಾರಣವನ್ನು ನಾವು ಹೇಳಬಹುದು. ಕರು ಹುಟ್ಟುವಾಗ ರೋಗವನ್ನು ತಡೆಯುವ ಶಕ್ತಿಯನ್ನು ತಾಯಿಯ ರಕ್ತದಿಂದ ಪಡೆದಿರುವುದಿಲ್ಲ, ಅದೆಲ್ಲ ಗಿಣ್ಣಿನ ಮೂಲಕವೇ ಬರಬೇಕು. ಆ ಶಕ್ತಿಯನ್ನು ಕರುವಿನ ಕರುಳು ಹೀರಿಕೊಳ್ಳಬಲ್ಲುದು ಮೊದಲ ಕೆಲವು ಗಂಟೆಗಳಲ್ಲಿ. ಹೊತ್ತು ಹೋದಂತೆ ಆ ಬಾಗಿಲು ಮುಚ್ಚುತ್ತ ಬಂದು, ಒಂದು ದಿನದ ಹೊತ್ತಿಗೆ ಪೂರ್ತಿ ಮುಚ್ಚಿಹೋಗುತ್ತದೆ. ಆದ್ದರಿಂದ ಹುಟ್ಟಿದ ಎರಡು ಗಂಟೆಯೊಳಗೆ ಕುಡಿಸಬೇಕು. ಮೊದಲ ದಿನ ಕರುವಿನ ತೂಕದ ಹತ್ತನೆಯ ಒಂದು ಭಾಗ, ಅಂದರೆ ಕೆಂಪಿಯ ಕರುವಿನಂಥದಕ್ಕೆ ಸುಮಾರು ಒಂದು ಲೀಟರು, ಎರಡು ಮೂರು ಸಲವಾಗಿ ಹೋಗಬೇಕು. ಅಲ್ಲದೆ ಕರು ಚೀಪಿದಾಗ ಹಸುವಿನ ಗರ್ಭಕೋಶ ಸಂಕುಚಿಸಿ ಮಾಸು ಬೀಳಲು ಸಹಾಯವೇ ಆಗುತ್ತದೆ. ಮಾಸಿಗಾಗಿ ಗಿಣ್ಣನ್ನು ತಡೆಯುವವರು ಎರಡನ್ನೂ ತಡೆದಂತೆ.

ಬೆಳಗಿನ ಜಾವ ಕರು ಎದ್ದು, ಬಿದ್ದು, ಮತ್ತೆ ಎದ್ದು ಮೊಲೆ ಹುಡುಕಿತು. ಬೆಳಕು ಹರಿಯುವಾಗ ಮಾಸು ತಾನಾಗಿ ಬಿತ್ತು. ಅದು ಹನ್ನೆರಡು ಗಂಟೆಯೊಳಗೆ ಬೀಳಬೇಕು. ಬೀಳದಿದ್ದರೆ ಜೋತು ಬಿದ್ದುದನ್ನು ಎಳೆಯುವುದಾಗಲಿ, ಅದಕ್ಕೆ ಕಲ್ಲು ಕಟ್ಟುವುದಾಗಲಿ ಸಲ್ಲದು, ವೈದ್ಯರಿಗೆ ತಿಳಿಸಬೇಕು. ಮಾಸನ್ನು ಹಾಲು ಬರುವ ಮರಕ್ಕೆ ಕಟ್ಟುವ ಪದ್ಧತಿ ಉಂಟಷ್ಟೆ. ನಾಯಿನರಿಗಳು ಮುಟ್ಟದಂತೆ ಆಳವಾಗಿ ಹೂಳುವುದು ಲೇಸು. ಕರುವಿನ ಹೊಕ್ಕುಳಿಗೆ ಆ ಮನೆಯಲ್ಲಿ ಅರಿಸಿನ ಹಚ್ಚಿದರು. ಇಂದು ಅಯೋಡಿನ್ ದ್ರಾವಣವನ್ನು ಹಚ್ಚುತ್ತಾರೆ, ಅದೇ ಸರಿ.

ಅಪ್ಪ ಬಂದದ್ದು ಮೂರನೆಯ ದಿನ, ಹೊಳೆ ಇಳಿದ ಮೇಲೆ. ಅಷ್ಟರಲ್ಲಿ ಹೆಣ್ಣುಕರು ಕೊಟ್ಟಿಗೆಯಲ್ಲಿ ಕುಣಿಯುತ್ತಿತ್ತು. ಹುಡುಗಿಯ ಮುಂಗೈ ನೀಲಿಗಟ್ಟಿ ಬಾತುಕೊಂಡಿತ್ತು. ಕರು ಕುಡಿದು ಮಿಕ್ಕ ಹಾಲು ಮುಂದಿನ ವಾರದಿಂದ ಮನೆಯೊಳಕ್ಕೆ ಬಂತು.

ಕೇಳುಗರೇ, ಈ ಕಥೆಯನ್ನು ಕೇಳಿ ಯಾರೂ ನಾಳೆ ತಮ್ಮ ಹಸುವಿಗೆ ಕೈಹಾಕಲು ಹೊರಡಬಾರದು. ಒಂದು ಮಂಡಿ ಮಡಚಿದ್ದು, ಕರು ಬದುಕಿದ್ದು, ಕೈ ಸಣ್ಣದಿದ್ದುದು, ಇಷ್ಟೂ ಕೂಡಿಬಂದುದರಿಂದ ಆದ ಕೆಲಸ ಅದು. ಕರುವಿನ ಕತ್ತೇ ಹಿಂದಕ್ಕೆ ತಿರುಗಿದ್ದರೆ, ಬಾಲ ಮಾತ್ರ ಕೈಗೆ ಸಿಕ್ಕಿದರೆ, ಗರ್ಭಕೋಶವೇ ತಿರುಚಿಕೊಂಡಿದ್ದರೆ ಅಜ್ಜಿಯ ಜ್ಞಾನವೂ ಹುಡುಗಿಯ ಕೈಯೂ ಸಾಲುತ್ತಿರಲಿಲ್ಲ. ಮಾಸಿನಿಂದ, ಗರ್ಭದ ನೀರಿನಿಂದ ಮನುಷ್ಯರಿಗೂ ಅಂಟುವ ಬ್ರುಸೆಲ್ಲೋಸಿಸ್ ಎಂಬ ರೋಗವಿದೆಯೆಂದು ಅವರಿಗೆ ತಿಳಿದಿರಲಿಲ್ಲ. ತಿಳಿದ ನಾವು ಕೈಗವಸಿಲ್ಲದೆ ಮುಟ್ಟಬಾರದು. ಅಂದು ಹೊಳೆ ದಾಟದೆ ವೈದ್ಯರಿರಲಿಲ್ಲ. ಇಂದು 1962 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಸಂಚಾರಿ ಪಶುಚಿಕಿತ್ಸೆಯ ವಾಹನವನ್ನು ಕೇಳಬಹುದು.

ಆದರೆ ದೂರವಾಣಿಯ ಆಚೆ ಕಡೆಯ ವೈದ್ಯರು ಕೇಳುವ ಮೊದಲ ಪ್ರಶ್ನೆಗಳು ಆ ರಾತ್ರಿಯ ಪ್ರಶ್ನೆಗಳೇ. ನೀರು ಒಡೆದು ಎಷ್ಟು ಹೊತ್ತಾಯಿತು? ಎಷ್ಟು ಕಾಲು ಕಾಣುತ್ತಿವೆ? ಅಂಗಾಲು ಕೆಳಗೋ ಮೇಲೋ? ಮೂಗು ಉಂಟೋ ಇಲ್ಲವೋ? ಮಧ್ಯರಾತ್ರಿ ಎದ್ದು ಬಂದವರಿಗೆ ಕೊನೆಯ ಮೂರಕ್ಕೆ ಉತ್ತರ ಸಿಕ್ಕೀತು. ಮೊದಲನೆಯದಕ್ಕೆ ಉತ್ತರ ಸಿಗುವುದು ಸಂಜೆಯಿಂದ ಅಲ್ಲಿಯೇ ಕುಳಿತವರಲ್ಲಿ ಮಾತ್ರ. ಹುಡುಗಿಯ ಕೈ ಕರುವನ್ನು ಉಳಿಸಿತೆಂದು ಊರಿನವರು ಬಹುಕಾಲ ಹೇಳುತ್ತಿದ್ದರಂತೆ. ಆಕೆಯನ್ನು ಕೇಳಿದರೆ ಹಾಗೆನ್ನುವುದಿಲ್ಲ. “ಕೈ ಹಾಕಿದ್ದು ಆಮೇಲೆ. ಬುಡ್ಡೀಲಿ ಎಣ್ಣೆ ಎಷ್ಟಿತ್ತು ಅಂತ ನೋಡ್ಕಂಡಿದ್ದೆನಲ್ಲ, ಅದು ಮೊದಲು” ಎನ್ನುತ್ತಾರೆ.



(ಆಕಾಶವಾಣಿಯ ಸೌಜನ್ಯದಿಂದ)